ಪಾತ್ರೆ, ಚೀವರ, ಹುಣಸೆ ಜಾಡಿ

ಈ ಸಲ ಇಲ್ಲಿ ಬೇರೆ ಏನೋ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಕಲ್ಯಾಣದುರ್ಗದ ಗೆಳೆಯನ ತಾಯಿ ತೀರಿಕೊಂಡ ಸುದ್ದಿ ಬಂತು. ಹಿಂದೂಪುರದ ಹೆಣ್ಣುಮಗಳು ಆಕೆ, ನಮ್ಮ ಪಕ್ಕದ ಬೀದಿಯವರು. ಅವತ್ತೇ ಕೂತು ಒಂದು ಕಾಗದ ಬರೆದೆ, ಓದಿ ನೋಡಿ ಹರಿದು ಹಾಕಿದೆ. ಎಲ್ಲವೂ ಅನಿತ್ಯ ಎಂದು ಅದರಲ್ಲಿ ನಾಲ್ಕು ಕಡೆ ಬರೆದಿದ್ದೆ, ಆಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಯಾರ ಮನೆಗೆ ಬೇಕಾದರೂ ಕಳಿಸಬಹುದಿತ್ತು. ಎರಡನೆಯದನ್ನು ಅವನ ಒಪ್ಪಿಗೆ ಕೇಳಿಕೊಂಡು ಇಲ್ಲಿ ಹಾಕಿದ್ದೇನೆ.

ಗೆಳೆಯಾ,

ಊಟ ಮಾಡಿದೆಯಾ? ರಾತ್ರಿ ಸ್ವಲ್ಪವಾದರೂ ನಿದ್ದೆ ಹತ್ತುತ್ತಾ? ಮೊದಲು ಕ್ಷೇಮ ಕೇಳುವುದನ್ನು ನಾನು ಕಲಿತದ್ದು ನಿನ್ನ ಜೊತೆ ರಾಯದುರ್ಗ ದಾಟಿ ಬ್ರಹ್ಮಗಿರಿಗೆ ಹೋಗಿದ್ದಾಗ. ಅಶೋಕನ ಆ ಬಂಡೆಯೂ ಒಂದು ಕಾಗದವೇ ಅಲ್ಲವೇ? ಸುವರ್ಣಗಿರಿಯವರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ತಾಯಿ ತಂದೆಯ ಸೇವೆ ಮಾಡಬೇಕು ಅನ್ನುವ ಮಾತೂ ಅದರಲ್ಲೇ ಇದೆ. ಅದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮನನ್ನು ಎತ್ತಿ ಕೂರಿಸಿ ಗಂಜಿ ಕುಡಿಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಬಂದವರೆಲ್ಲ ಹುಟ್ಟಿದವರು ಹೋಗಲೇಬೇಕು ಅಂತ ಹೇಳಿ ಹೋಗಿರುತ್ತಾರೆ. ಸುಳ್ಳಲ್ಲ. ಬುದ್ಧನ ಮಾತೂ ಅದೇ. ಆದರೆ ಅವನು ಅದನ್ನು ಹೇಳಿದ ರೀತಿ ಬೇರೆ. ಶಾರಿಪುತ್ರ ತೀರಿಕೊಂಡಾಗ ಅವನ ಭಿಕ್ಷಾಪಾತ್ರೆ, ಚೀವರ ಹಿಡಿದುಕೊಂಡು ಚುಂದ ಎಂಬ ಸಾಮಣೇರ ಮಗಧದ ನಾಲಕ ಗ್ರಾಮದಿಂದ ಶ್ರಾವಸ್ತಿಗೆ ಬಂದ. ಅವನನ್ನು ಕರೆದುಕೊಂಡು ಬುದ್ಧನ ಹತ್ತಿರ ಹೋದ ಆನಂದ ತನ್ನ ಸ್ಥಿತಿಯನ್ನು ಮುಚ್ಚಿಡಲಿಲ್ಲ. ಮೈ ಹಿಡಿತ ತಪ್ಪಿದೆ, ದಿಕ್ಕೇ ತೋಚುತ್ತಿಲ್ಲ ಎಂದ. ಬುದ್ಧ ಅವನನ್ನು ಒಂದು ಪ್ರಶ್ನೆ ಕೇಳಿದ: ಶಾರಿಪುತ್ರ ಹೋಗುವಾಗ ಶೀಲವನ್ನು ಜೊತೆಗೆ ಒಯ್ದನೇ? ಸಮಾಧಿಯನ್ನು? ಪ್ರಜ್ಞೆಯನ್ನು? ಇಲ್ಲ ಎಂದ ಆನಂದ. ಆದರೆ ಅವನು ನಮಗೆ ಬುದ್ಧಿ ಹೇಳುತ್ತಿದ್ದ, ತಿಳಿಸಿಕೊಡುತ್ತಿದ್ದ, ಬೇಸರವಿಲ್ಲದೆ ಕಲಿಸುತ್ತಿದ್ದ ಎಂದು ಒಂದೊಂದೇ ನೆನೆಸಿಕೊಂಡ. ಅದನ್ನೆಲ್ಲ ಕೇಳಿಸಿಕೊಂಡ ಮೇಲೆ ಬುದ್ಧ ಅಗಲಿಕೆಯ ಮಾತೆತ್ತಿದ್ದು, ದೊಡ್ಡ ಮರದ ದೊಡ್ಡ ಕೊಂಬೆ ಬಿದ್ದಂತೆ ಎಂದದ್ದು. ನನ್ನ ಮೊದಲ ಕಾಗದ ಕೆಟ್ಟದ್ದು ಅಲ್ಲೇ. ಆನಂದ ಬಾಯಿ ಬಿಡುವ ಮೊದಲೇ ನಾನು ಕೊಂಬೆಯ ಕಥೆ ಶುರುಮಾಡಿದ್ದೆ.

ಇನ್ನೊಂದು ಸಂಗತಿ ಉಂಟು, ಅದನ್ನು ಉಪನ್ಯಾಸಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಸ್ವಲ್ಪ ದಿನಕ್ಕೆ ಮೊಗ್ಗಲ್ಲಾನನೂ ಹೋದ. ವಜ್ಜಿಯರ ನಾಡಿನ ಉಕ್ಕಚೇಲದಲ್ಲಿ, ಗಂಗೆಯ ದಡದಲ್ಲಿ ಭಿಕ್ಷುಗಳ ನಡುವೆ ಕೂತ ಬುದ್ಧ ಸುಮ್ಮನೆ ಒಮ್ಮೆ ಸುತ್ತ ನೋಡಿ, ಅವರಿಬ್ಬರಿಲ್ಲದೆ ಈ ಸಭೆ ನನಗೆ ಬರಿದಾಗಿ ಕಾಣುತ್ತಿದೆ ಎಂದ. ಅವನಿಗೆ ಶೋಕವಿರಲಿಲ್ಲ ಅನ್ನುತ್ತದೆ ಅದೇ ಸೂತ್ರ. ಆದರೂ ಬರಿದಾದದ್ದನ್ನು ಬರಿದು ಅಂತಲೇ ಹೇಳಿದ. ಹಾಗಾಗಿ ನಿಮ್ಮ ಪಡಸಾಲೆ ನಿನಗೆ ಬಿಕೋ ಅನ್ನಿಸಿದರೆ ಅದು ತಿಳಿವಳಿಕೆ ಸಾಲದ್ದಕ್ಕೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಅಮ್ಮ ಏನು ಒಯ್ದರು, ಏನು ಬಿಟ್ಟರು ಎಂದು ನಾನೂ ಕೂತು ಯೋಚಿಸಿದೆ. ನನಗೆ ಕಂಡದ್ದು ಹುಣಸೆ. ಸುಗ್ಗಿಯಲ್ಲಿ ಹಿಂದೂಪುರದ ಮಂಡಿಯಿಂದ ಹಣ್ಣು ತರಿಸಿ, ಓಡು ಬಿಡಿಸಿ, ನಾರು ಎಳೆದು, ಕಲ್ಲ ಮೇಲಿಟ್ಟು ಕುಟ್ಟಿ ಪಿಕ್ಕೆ ಹಾರಿಸುತ್ತಿದ್ದರು. ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಕರೆದು ನಮಗೆ ತಿನ್ನಲು ಕೊಡುತ್ತಿದ್ದರು. ಪಿಕ್ಕೆಯನ್ನು ಒಂದು ಮಗ್ಗುಲು ತೇಯ್ದು ಚೌಕಾಬಾರ ಆಡಿದವರು ನಾವು. ಹಣ್ಣಿಗೆ ಕಲ್ಲುಪ್ಪು ಬೆರೆಸಿ, ಗಾಳಿ ಉಳಿಯದ ಹಾಗೆ ಜಾಡಿಯಲ್ಲಿ ಒತ್ತಿ, ಮೇಲೆ ಬಟ್ಟೆ ಕಟ್ಟುತ್ತಿದ್ದರು. ತುಂಬಿದಾಗ ಕೆಂಚಗಿದ್ದದ್ದು ದೀಪಾವಳಿಯ ಹೊತ್ತಿಗೆ ಕಂದು, ಮರು ಯುಗಾದಿಗೆ ಕಪ್ಪು. ಕೆಟ್ಟಿತೇನಮ್ಮಾ ಎಂದು ನೀನು ಕೇಳಿದ್ದೆ. ಬೂಸಲು ಹಿಡಿದರೆ ಕೆಟ್ಟಿದ್ದು, ಕಪ್ಪಾದರೆ ಹಳೇದಾಗಿದ್ದು, ಅಷ್ಟೇ ಕಣೋ ಅಂದಿದ್ದರು. ಅನಿತ್ಯ ಅನ್ನುವ ಮಾತು ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಬಣ್ಣ. ನಿನ್ನ ದುಃಖವೂ ಈಗಿರುವ ಬಣ್ಣದಲ್ಲೇ ಉಳಿಯುವುದಿಲ್ಲ. ಇವತ್ತೇ ಬದಲಾಗಲಿ ಅಂತ ನಾನು ಹೇಳುವುದಿಲ್ಲ.

ಈ ವರ್ಷದ ಜಾಡಿಯನ್ನೂ ಅವರೇ ಒತ್ತಿಟ್ಟು ಹೋಗಿದ್ದಾರೆಂದು ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ಅಮ್ಮನ ಕೈಯದು ಅಂತ ಮುಟ್ಟದೆ ಅಟ್ಟದ ಮೇಲೆ ಇಡಬೇಡಿ. ಒದ್ದೆ ಕೈ ಹಾಕಬೇಡಿ, ಮರದ ಸೌಟಿನಲ್ಲಿ ತೆಗೆಯಿರಿ. ಕಾರ್ಯಕ್ಕೆ ಮುಂಚಿನ ದಿನವೇ ಬರುತ್ತೇನೆ. ರಾತ್ರಿಗೆ ಅದೇ ಹಣ್ಣಿನ ಸಾರು ಮಾಡಿಸು, ಮೆಣಸು ಸ್ವಲ್ಪ ಜಾಸ್ತಿ ಇರಲಿ.