ಮನೆಯ ಲೆಕ್ಕ: ಪಿಂಚಣಿಯೋ, ಗಂಟೋ?

ಹಾನಗಲ್ಲಿನ ಸೋದರಿಯೊಬ್ಬರು ಕೇಳಿದ್ದಾರೆ: ಯಜಮಾನರ ನಿವೃತ್ತಿಯ 12 ಲಕ್ಷವನ್ನು ಜೀವ ವಿಮಾ ನಿಗಮದ ಪಿಂಚಣಿಗೆ ಕಟ್ಟುವುದೋ, ಮ್ಯೂಚುವಲ್ ಫಂಡಿನಲ್ಲಿಟ್ಟು ತಿಂಗಳಿಗಿಷ್ಟೆಂದು ತೆಗೆಯುವುದೋ?

ಲೆಕ್ಕಕ್ಕೆಂದು ಎರಡಕ್ಕೂ ವರ್ಷಕ್ಕೆ ನೂರಕ್ಕೆ 7 ಹಿಡಿಯೋಣ. ಪಿಂಚಣಿಯಾದರೆ ತಿಂಗಳಿಗೆ 7,000, ಉಸಿರಿರುವ ತನಕ. ಫಂಡಿನಿಂದ 10,000 ತೆಗೆಯಬಹುದು ನೋಡಿ, ಆದರೆ ಸುಮಾರು 17 ವರ್ಷಕ್ಕೆ ಗಂಟು ಬರಿದು. ಈಗ 60 ಆದವರಿಗೆ ಆಗ 77! ಮೊದಲ ವರ್ಷಗಳಲ್ಲೇ ಪೇಟೆ ಬಿದ್ದರೆ ಅದೇ 10,000ಕ್ಕೆ ಹೆಚ್ಚು ಯೂನಿಟ್ ಮಾರಬೇಕಾಗಿ, ಇನ್ನೂ ಬೇಗ ಕರಗೀತು. ಪಿಂಚಣಿಗೂ ಕುಂದಿದೆ: ಬೇಳೆಯ ದರ ಏರಿದರೂ ಅದು 7,000ವೇ.

ನಾನಾದರೆ ರೇಷನ್ನು, ಔಷಧಿ, ಕರೆಂಟಿಗಾಗುವಷ್ಟು ಪಿಂಚಣಿಗೆ ಕಟ್ಟಿ, ಮಿಕ್ಕಿದ್ದನ್ನು ಫಂಡಿನಲ್ಲಿಡುತ್ತಿದ್ದೆ. ಅರ್ಜಿ ತುಂಬುವಾಗ ಜಂಟಿ ಪಿಂಚಣಿಯನ್ನೇ ಆರಿಸಿ. ಯಜಮಾನರೊಬ್ಬರ ಹೆಸರಿಗಿದ್ದರೆ ಅವರ ನಂತರ ನಿಮಗೆ ತಿಂಗಳ ಹಣ ಬಾರದು.