ಹಣ ಬಂತೇ ಎಂದು ನೋಡುವವನಿಗೆ ಬೀಗದ ಕೈ ಯಾಕೆ?

ವಿಜಯವಾಡದ ಬೆಂಜ್ ಸರ್ಕಲ್ ದಾಟಿ ಬಂದರ್ ರೋಡಿನಲ್ಲಿ ಮುಂದಕ್ಕೆ ಹೋದರೆ ಪಟಮಟ. ಅದರ ಪಕ್ಕದಲ್ಲೇ ಲಾರಿಗಳ ರಿಪೇರಿ, ಬಿಡಿಭಾಗಗಳ ವ್ಯಾಪಾರ ನಡೆಯುವ ಆಟೋನಗರ. ಬೆಳಿಗ್ಗೆ ಇಂಥ ಕಡೆ ತಿಂಡಿ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ಅಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬ ನಡೆಸುವ ಸಣ್ಣ ಹೋಟೆಲೊಂದನ್ನು ಕಲ್ಪಿಸಿಕೊಳ್ಳಿ. ಯಜಮಾನರು ಒಬ್ಬರು, ಅಡುಗೆಗೆ ಇಬ್ಬರು, ಸಪ್ಲೈಗೆ ಇಬ್ಬರು. ಯಜಮಾನರು ಮಾರ್ಕೆಟ್ಟಿಗೋ ಬ್ಯಾಂಕಿಗೋ ಹೋದಾಗ ಗಲ್ಲೆಯಲ್ಲಿ ಕೂರುವ ಹುಡುಗ ಒಬ್ಬ. ಆಂಧ್ರದಲ್ಲಿ, ತೆಲಂಗಾಣದಲ್ಲಿ, ಮಹಾರಾಷ್ಟ್ರದಲ್ಲಿ ಕನ್ನಡದವರು ನಡೆಸುವ ಎಷ್ಟೋ ಹೋಟೆಲುಗಳು ಹೀಗೇ ಇವೆ.

ಈ ಅಂಗಡಿಯಲ್ಲಿ ಯಜಮಾನರು ಊರಿನ ಜಾತ್ರೆಗೆಂದು ನಾಲ್ಕು ದಿನ ಹೊರಟರೆ ಸಾಮಾನ್ಯವಾಗಿ ಏನಾಗುತ್ತದೆ? ಗಲ್ಲೆಯ ಹುಡುಗ ತನ್ನ ಮೊಬೈಲಿನಲ್ಲಿ ವ್ಯಾಪಾರಿಗಳ ಪೇಮೆಂಟ್ ಆ್ಯಪ್ ಹಾಕಿಕೊಳ್ಳುತ್ತಾನೆ. ಯಜಮಾನರ ನಂಬರ್ ಒತ್ತುತ್ತಾನೆ. “ಯಜಮಾನ್ರೇ, ಒಟಿಪಿ ಬಂತಾ? ಸ್ವಲ್ಪ ಹೇಳಿ” ಎನ್ನುತ್ತಾನೆ. ಅವರು ಓದಿ ಹೇಳುತ್ತಾರೆ. ಒಂದೇ ನಿಮಿಷದಲ್ಲಿ ಕೆಲಸ ಮುಗಿಯಿತು, ಇಬ್ಬರಿಗೂ ಅನುಕೂಲವಾಯಿತು. ಆದರೆ ಆ ಒಂದು ನಿಮಿಷದಲ್ಲಿ ಹುಡುಗನಿಗೆ ಸಿಕ್ಕಿದ್ದು ಪೇಮೆಂಟ್ ನೋಡುವ ಅವಕಾಶ ಮಾತ್ರವಲ್ಲ. ಆ್ಯಪ್ ಈಗ ಅವನನ್ನೇ ಯಜಮಾನ ಎಂದುಕೊಂಡಿದೆ. ದಿನದ ಹಣ ಯಾವ ಬ್ಯಾಂಕ್ ಖಾತೆಗೆ ಹೋಗಬೇಕು, ಯಾರಿಗೆ ಹಣ ವಾಪಸ್ ಕೊಡಬೇಕು, ಇನ್ನು ಯಾರನ್ನು ಒಳಗೆ ಸೇರಿಸಬೇಕು, ಅಂಗಡಿಯ ಹೆಸರಿನಲ್ಲಿ ಆ್ಯಪ್ ತೋರಿಸುವ ಸಾಲಕ್ಕೆ ಅರ್ಜಿ ಹಾಕಬೇಕೋ ಬೇಡವೋ ಎಂಬ ಬಾಗಿಲುಗಳೆಲ್ಲ ಅವನ ಬೆರಳಿನ ಹತ್ತಿರ ಬಂದಿವೆ. ಕೆಲವಕ್ಕೆ ಮತ್ತೊಂದು ಒಟಿಪಿ ಬೇಕಾಗಬಹುದು. ಆದರೆ ಒಮ್ಮೆ ಓದಿ ಹೇಳಿದವರು ಇನ್ನೊಮ್ಮೆ ಓದಿ ಹೇಳಲು ಹಿಂಜರಿಯುವುದಿಲ್ಲ.

ಇದು ಹುಡುಗನ ಪ್ರಾಮಾಣಿಕತೆಯ ಪ್ರಶ್ನೆ ಎಂದು ಹೆಚ್ಚಿನವರು ತಿಳಿಯುತ್ತಾರೆ. “ನಮ್ಮೂರಿನ ಹುಡುಗ, ಹತ್ತು ವರ್ಷದಿಂದ ಇದ್ದಾನೆ” ಎನ್ನುತ್ತಾರೆ. ನಂಬಿಕೆ ಇರಬೇಕಾದ್ದೇ. ಆದರೆ ಹತ್ತು ವರ್ಷದಿಂದ ಇರುವವನಿಗೂ ಲಾಕರಿನ ಬೀಗದ ಕೈಯನ್ನು ಯಾರೂ ಕೊಟ್ಟು ಹೋಗುವುದಿಲ್ಲ, ಗಲ್ಲೆಯ ಡ್ರಾಯರ್ ಮಾತ್ರ ಬಿಟ್ಟು ಹೋಗುತ್ತಾರೆ. ಗಲ್ಲೆ ಬೇರೆ, ಲಾಕರ್ ಬೇರೆ ಎಂಬುದು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಮೊಬೈಲಿನೊಳಗೆ ಎರಡೂ ಒಂದೇ ಪರದೆಯಲ್ಲಿ ಕಾಣುವುದರಿಂದ ಆ ತಿಳಿವಳಿಕೆ ಅಲ್ಲಿ ಕೆಲಸ ಮಾಡುವುದಿಲ್ಲ.

ಹಾಗಾದರೆ ಗಲ್ಲೆಯಲ್ಲಿ ಕೂತವನಿಗೆ ನಿಜವಾಗಿ ಬೇಕಾದದ್ದು ಏನು? ಒಂದೇ ಒಂದು ಪ್ರಶ್ನೆಗೆ ಉತ್ತರ: ಎದುರಿಗೆ ನಿಂತ ಈ ಗಿರಾಕಿಯ ಹಣ, ಈ ಅಂಗಡಿಯ ಖಾತೆಗೆ, ಈಗ ಬಂತೇ?

ಅದಕ್ಕೆ ಸೌಂಡ್ ಬಾಕ್ಸ್ ಇದೆಯಲ್ಲ ಎನ್ನಬಹುದು. ಅದು ಒಳ್ಳೆಯ ಸಾಧನವೇ. ಆದರೆ ತಿಂಡಿ ಅಂಗಡಿಯಲ್ಲಿ ಅದರ ಮಿತಿ ಬೇಗ ಗೊತ್ತಾಗುತ್ತದೆ. ಮಸಾಲೆ ದೋಸೆಗೆ 60, ಕಾಫಿಗೆ 20 ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ 80 ರೂಪಾಯಿ ಕೊಡುವವರು ಸಾಲಾಗಿ ಮೂವರು ನಿಂತಿರುತ್ತಾರೆ. ಪೆಟ್ಟಿಗೆ ಎರಡು ಸಲ “ಎನಭೈ ರೂಪಾಯಲು” ಎನ್ನುತ್ತದೆ. ಮೂವರೂ ಮೊಬೈಲ್ ಎತ್ತಿ ತೋರಿಸುತ್ತಾರೆ. ಯಾರದ್ದು ಬಂತು, ಯಾರದ್ದು ಬರಲಿಲ್ಲ? ಪೆಟ್ಟಿಗೆ ಮೊತ್ತ ಹೇಳುತ್ತದೆ, ಕೊಟ್ಟವರ ಹೆಸರು ಹೇಳುವುದಿಲ್ಲ. ಲಾರಿಯ ಸದ್ದಿನಲ್ಲಿ ಒಂದು ಸಲ ಕೇಳಿಸದೆ ಹೋದರೆ ಕೈ ತಪ್ಪಿತು. ನೆಟ್‌ವರ್ಕ್ ನಿಧಾನವಾದರೆ ಗಿರಾಕಿ ರಸ್ತೆ ದಾಟಿದ ಮೇಲೆ ಕೂಗುತ್ತದೆ. ಗಿರಾಕಿಯ ಪರದೆಯಲ್ಲಿ ಕಾಣುವ ಹಸಿರು ಟಿಕ್ಕನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಂಥದ್ದೇ ಪರದೆ ತೋರಿಸುವ ನಕಲಿ ಆ್ಯಪ್‌ಗಳು ಓಡಾಡುತ್ತಿವೆ.

ಇಲ್ಲಿ ಬೇಕಾಗುವುದು ಪೇಮೆಂಟುಗಳ ಪಟ್ಟಿ. ಪಟ್ಟಿಯಲ್ಲಿ ಸಮಯ, ಮೊತ್ತ, ಕೊಟ್ಟವರ ಹೆಸರು, ಮತ್ತು ತೆರೆದು ನೋಡಿದರೆ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಇರುತ್ತದೆ. ಗಿರಾಕಿಯ ಮೊಬೈಲಿನಲ್ಲೂ ಅದೇ ನಂಬರ್ ಇರುತ್ತದೆ. ಕೊನೆಯ ನಾಲ್ಕು ಅಂಕಿ ಹೊಂದಿದರೆ ಜಗಳವೇ ಇಲ್ಲ. ಒಂದು ಎಚ್ಚರ ಮಾತ್ರ ಬೇಕು: ಕೆಲವು ಆ್ಯಪ್‌ಗಳು ತಮ್ಮದೇ ಇನ್ನೊಂದು ಉದ್ದದ ನಂಬರನ್ನೂ ತೋರಿಸುತ್ತವೆ, ಅದರಲ್ಲಿ ಅಕ್ಷರಗಳೂ ಸೇರಿರಬಹುದು. ಅದನ್ನು ಇನ್ನೊಂದು ಕಂಪನಿಯ ಆ್ಯಪ್‌ನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡೂ ಕಡೆ ಒಂದೇ ಆಗಿರುವುದು ಬ್ಯಾಂಕುಗಳ ನಡುವೆ ಓಡುವ ಆ ಹನ್ನೆರಡು ಅಂಕಿ.

ಮೂರನೆಯ ಗಿರಾಕಿಯ ಖಾತೆಯಿಂದ ಹಣ ಹೋಗಿ ಅಂಗಡಿಗೆ ಬಾರದೇ ಇರುವುದೂ ಉಂಟು. ಆಗ ಅವನು ಸುಳ್ಳುಗಾರನೂ ಅಲ್ಲ, ಅಂಗಡಿಗೆ ಹಣ ಬಂದಿದೆ ಎಂದೂ ಅಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ಯುಪಿಐಯಲ್ಲಿ ಗ್ರಾಹಕನ ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಸಿಗದ ಹಣ ಐದು ದಿನಗಳೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ಗ್ರಾಹಕನಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ಪಟ್ಟಿ ಕೈಯಲ್ಲಿದ್ದ ಹುಡುಗ ಇದನ್ನು ಸಮಾಧಾನದಿಂದ ಹೇಳಬಲ್ಲ: “ನಿಮ್ಮದು ಇಲ್ಲಿ ಬಂದಿಲ್ಲ, ಬ್ಯಾಂಕಿಗೆ ವಾಪಸ್ ಬರುತ್ತೆ, ಈಗ ನಗದು ಕೊಡಿ.” ಪಟ್ಟಿ ಇಲ್ಲದವನು ಜಗಳ ಮಾಡಬೇಕು, ಇಲ್ಲವೇ 80 ರೂಪಾಯಿ ಬಿಡಬೇಕು. ಸಂಜೆ ಲೆಕ್ಕ ತಪ್ಪಿದಾಗ ಯಜಮಾನರ ಕಣ್ಣು ಬೀಳುವುದು ಅವನ ಮೇಲೆಯೇ. ಆದ್ದರಿಂದ ಹುಡುಗನಿಗೆ ಏನನ್ನೂ ತೋರಿಸಬೇಡಿ ಎಂಬ ಎಚ್ಚರವೂ ಸರಿಯಲ್ಲ.

ಪಟ್ಟಿಯನ್ನು ಕೊಟ್ಟು ಬೀಗದ ಕೈ ಕೊಡದಿರುವ ದಾರಿ ಹಲವು ವ್ಯಾಪಾರಿ ಆ್ಯಪ್‌ಗಳಲ್ಲಿ ಈಗಾಗಲೇ ಇದೆ. ಯಜಮಾನರ ಪ್ರೊಫೈಲ್ ಅಥವಾ ಸೆಟ್ಟಿಂಗ್ಸ್ ಒಳಗೆ ಸ್ಟಾಫ್ ಅಥವಾ ಕ್ಯಾಷಿಯರ್ ಎಂಬಂಥ ಹೆಸರಿನ ಜಾಗವಿರುತ್ತದೆ. ಅಲ್ಲಿ ಹುಡುಗನ ಹೆಸರು ಮತ್ತು ಅವನದೇ ಮೊಬೈಲ್ ನಂಬರ್ ಸೇರಿಸಬೇಕು. ಯಾವ ಬಗೆಯ ಕೆಲಸಗಾರ ಎಂದು ಕೇಳಿದರೆ ಎಲ್ಲಕ್ಕಿಂತ ಕಡಿಮೆ ಅಧಿಕಾರದ್ದನ್ನು ಆರಿಸಬೇಕು. “ಮ್ಯಾನೇಜರ್” ಎಂಬ ಹೆಸರು ಕೇಳಲು ಗೌರವವಾಗಿದ್ದರೂ ಅದರ ಜೊತೆ ಹಣ ವಾಪಸ್ ಕೊಡುವ ಅಧಿಕಾರ ಸೇರಿರಬಹುದು. ಆಮೇಲೆ ಹುಡುಗ ತನ್ನ ಮೊಬೈಲಿನಲ್ಲಿ ಆ್ಯಪ್ ತೆರೆದು ತನ್ನ ನಂಬರಿನಿಂದ ಒಳಗೆ ಹೋಗುತ್ತಾನೆ. ಒಟಿಪಿ ಬರುವುದು ಅವನ ಸಿಮ್‌ಗೆ. ಯಜಮಾನರು ಯಾವ ಅಂಕಿಯನ್ನೂ ಓದಿ ಹೇಳುವ ಪ್ರಮೇಯವೇ ಇಲ್ಲ. ಇಡೀ ವಿಷಯದ ಗುರುತು ಇದೇ: ಯಜಮಾನರ ಒಟಿಪಿ ಕೇಳಿದರೆ ಅದು ಸ್ಟಾಫ್ ದಾರಿಯಲ್ಲ.

ಸೇರಿಸಿದ ಮೇಲೆ ಆ್ಯಪ್ ಹೇಳಿದ್ದನ್ನು ನಂಬಿ ಸುಮ್ಮನಾಗದೆ ಒಮ್ಮೆ ಪರೀಕ್ಷಿಸಬೇಕು. ಯಾರಾದರೂ ಕ್ಯೂಆರ್‌ಗೆ ಒಂದು ರೂಪಾಯಿ ಹಾಕಲಿ. ಹುಡುಗನ ಮೊಬೈಲಿನಲ್ಲಿ ಅದು ಹೆಸರು, ಸಮಯ ಸಹಿತ ಕಾಣಬೇಕು. ನಂತರ ಇಬ್ಬರೂ ಕೂತು ಅದೇ ಮೊಬೈಲಿನಲ್ಲಿ ಹುಡುಕಲಿ: ಬ್ಯಾಂಕ್ ಖಾತೆ ಬದಲಿಸುವ ಗುಂಡಿ ಇದೆಯೇ? ಆ ಒಂದು ರೂಪಾಯಿಯನ್ನು ವಾಪಸ್ ಕಳಿಸಲು ಬರುತ್ತದೆಯೇ? ಇನ್ನೊಬ್ಬರನ್ನು ಸೇರಿಸಲು ಬರುತ್ತದೆಯೇ? ಹೋದ ತಿಂಗಳ ಒಟ್ಟು ವ್ಯಾಪಾರ ಕಾಣುತ್ತದೆಯೇ? ಮೊದಲ ಮೂರಕ್ಕೆ ಇಲ್ಲ ಎಂಬ ಉತ್ತರ ಬರಲೇಬೇಕು. ನಾಲ್ಕನೆಯದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಅಲ್ಲಿ ಯಜಮಾನರು ಏನು ಕಾಣುತ್ತದೆ ಎಂದು ತಿಳಿದುಕೊಂಡೇ ಒಪ್ಪಬೇಕು. ಪಟ್ಟಿಯಲ್ಲಿ ಗಿರಾಕಿಗಳ ಹೆಸರು ಇರುತ್ತದೆ, ಯುಪಿಐ ಐಡಿ ಪೂರ್ತಿ ಕಂಡರೆ ಕೆಲವರ ಮೊಬೈಲ್ ನಂಬರೂ ಅದರಲ್ಲೇ ಇರುತ್ತದೆ. ಅದು ಲೆಕ್ಕ ನೋಡಲಿಕ್ಕೆ, ಯಾರಿಗೋ ಮೆಸೇಜ್ ಮಾಡಲಿಕ್ಕಲ್ಲ ಎಂಬ ಮಾತು ಹುಡುಗನಿಗೆ ಅಂದೇ ಹೇಳಬೇಕಾದದ್ದು.

ಸಣ್ಣ ಅಂಗಡಿಗೆ ಇಷ್ಟೆಲ್ಲ ಯಾಕೆ, ಹುಡುಗನ ಸ್ವಂತ ಕ್ಯೂಆರ್ ಇಟ್ಟು ಸಂಜೆ ಹಣ ಕಳಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ಅದು ಎಲ್ಲಕ್ಕಿಂತ ಕೆಟ್ಟ ದಾರಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಅಂಕಿಗಳನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಕಂಡವು. ಖಾತೆಗೆ ಬಂದದ್ದು ಯಾರ ವ್ಯಾಪಾರ ಎಂದು ವಿವರಿಸುವುದು ಅಂಗಡಿಯವರಿಗೇ ಕಷ್ಟವಾಯಿತು. ಹೋಟೆಲಿನ ವ್ಯಾಪಾರವೆಲ್ಲ ಸಂಬಳದ ಹುಡುಗನ ಖಾತೆಯಲ್ಲಿ ಕೂತರೆ ಅದನ್ನು ವಿವರಿಸುವ ಹೊರೆ ಅವನ ತಲೆಗೆ.

ಬೇರೆ ಪ್ರವೇಶದ ಲಾಭ ಹುಡುಗನಿಗೂ ಇದೆ. ಯಜಮಾನರ ಲಾಗಿನ್ ಮೂರು ಮೊಬೈಲಿನಲ್ಲಿದ್ದು ಒಂದು ದಿನ ಏನಾದರೂ ಬದಲಾದರೆ, ಆ್ಯಪ್‌ನ ದಾಖಲೆಯಲ್ಲಿ ಅದನ್ನು ಮಾಡಿದವರು ಯಜಮಾನರೇ. ನಿಜವಾಗಿ ಯಾರೆಂದು ತಿಳಿಯದು, ಅನುಮಾನ ಮೂವರ ಮೇಲೂ. ಬದಲಿಸುವ ಗುಂಡಿಯೇ ತನ್ನ ಪರದೆಯಲ್ಲಿಲ್ಲ ಎಂದು ತೋರಿಸಬಲ್ಲವನನ್ನು ಯಾರೂ ದೂರುವಂತಿಲ್ಲ. ಅಂಗಡಿಗೂ ಇನ್ನೊಂದು ಕಾವಲು ಸಿಕ್ಕಂತೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಅಂಗಡಿಗಳ, ಪೆಟ್ರೋಲ್ ಬಂಕಿನ ಕ್ಯೂಆರ್ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿದ್ದರು. ಇಂಥದ್ದು ಪಟಮಟದಲ್ಲಿ ನಡೆದರೆ ಕುಂದಾಪುರದಲ್ಲಿರುವ ಯಜಮಾನರಿಗೆ ವ್ಯಾಪಾರ ಕಡಿಮೆ ಎಂದಷ್ಟೇ ಅನಿಸೀತು. ಮೊದಲ ಎರಡು ಪೇಮೆಂಟ್ ಪಟ್ಟಿಗೆ ಬಾರದಿದ್ದಾಗ ಎದ್ದು ಹೋಗಿ ಕ್ಯೂಆರ್ ನೋಡಬಲ್ಲವನು ಗಲ್ಲೆಯಲ್ಲಿ ಕೂತವನು.

ಹೆಚ್ಚಿನವರು ಮರೆಯುವುದು ಕೊನೆಯ ಹೆಜ್ಜೆಯನ್ನು. ಹೋಟೆಲಿನ ಹುಡುಗರು ಬರುತ್ತಾರೆ, ಹೋಗುತ್ತಾರೆ, ಇನ್ನೊಂದು ಹೋಟೆಲು ಸೇರುತ್ತಾರೆ. ಬಾಕಿ ಸಂಬಳ ಎಣಿಸಿ ಕೊಡುವ ಹೊತ್ತಿಗೇ ಸ್ಟಾಫ್ ಪಟ್ಟಿಯಿಂದ ಆ ಹೆಸರು ತೆಗೆದುಬಿಡಬೇಕು. ತೆಗೆದ ಮೇಲೆ ಅವನ ಮೊಬೈಲಿನಲ್ಲಿ ಪಟ್ಟಿ ತೆರೆಯುವುದಿಲ್ಲ ಎಂದು ಅವನ ಎದುರೇ ನೋಡಿಕೊಂಡರೆ ಇಬ್ಬರಿಗೂ ನಿಶ್ಚಿಂತೆ. ಈಗಾಗಲೇ ಒಟಿಪಿ ಓದಿ ಹೇಳಿ ತಮ್ಮದೇ ಲಾಗಿನ್ ಹಂಚಿದವರು ಎಲ್ಲ ಮೊಬೈಲುಗಳಿಂದ ಲಾಗೌಟ್ ಮಾಡಿ, ಹಣ ಹೋಗುವ ಬ್ಯಾಂಕ್ ಖಾತೆ ತಮ್ಮದೇ ಹೌದೇ ಎಂದು ಒಮ್ಮೆ ನೋಡಿ, ಹೊಸದಾಗಿ ಶುರು ಮಾಡುವುದು ಒಳ್ಳೆಯದು. ತಮ್ಮ ಆ್ಯಪ್‌ನಲ್ಲಿ ಸ್ಟಾಫ್ ಎಂಬ ಜಾಗವೇ ಇಲ್ಲದವರು, ಮುಂದಿನ ಸಲ ಕ್ಯೂಆರ್ ಕೊಡಲು ಬರುವ ಏಜೆಂಟನನ್ನು ಸೌಂಡ್ ಬಾಕ್ಸಿನ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಇದನ್ನೇ ಕೇಳಲಿ.