ಮನೆವಾರ್ತೆ: ಕದಲದ ಕಾರ್ಟ್ರಿಜ್

ಮನೆಯೊಡೆಯರಿಗೆ ಬರೆಯುವ ಕಾಗದದಲ್ಲಿ ದೂರಿಗಿಂತ ನಡೆದ ಸಂಗತಿಯೇ ಮುಖ್ಯ. ಸೋದರಿಯೊಬ್ಬರು ಬರೆದುದನ್ನು ನೋಡಿರಿ:

“ಮಾನ್ಯರೇ,

ಸ್ನಾನದ ಮನೆಯ ಷವರ್ ಮಿಕ್ಸರು ಮುಚ್ಚಿದರೂ ಹಗಲಿರುಳು ತೊಟ್ಟಿಕ್ಕುತ್ತಿದೆ. ನೀರನ್ನು ನಿಲ್ಲಿಸಿ, ಹಿಡಿಯನ್ನೂ ಅದರ ಹಿಂದಣ ಹಿತ್ತಾಳೆಯ ನಟ್ಟನ್ನೂ ಬಿಚ್ಚಿದೆವು. ಒಳಗಣ ಕಾರ್ಟ್ರಿಜ್ ಮಾತ್ರ ಕದಲಲಿಲ್ಲ. ಕೊಳವೆಬಾವಿಯ ಗಡಸು ನೀರಿನ ಸುಣ್ಣವೂ ಹಸಿರು ಕಿಲುಬೂ ಅದನ್ನು ಕಚ್ಚಿ ಹಿಡಿದಿವೆ. ವಿನಿಗರಿನಲ್ಲಿ ತೊಯಿಸಿದ ಬಟ್ಟೆಯನ್ನು ರಾತ್ರಿಯೆಲ್ಲ ಸುತ್ತಿಟ್ಟರೂ ಫಲವಾಗಲಿಲ್ಲ. ಇನ್ನೂ ಬಲವಾಗಿ ತಿರುಚಿದರೆ ಗೋಡೆಯೊಳಗಿನ ಕೊಳವೆಯ ಕೀಲು ಸಡಿಲಿ, ಕೆಳಮನೆಯ ಸೂರು ನೆನೆದೀತು. ಆದುದರಿಂದ ಅದನ್ನು ಎಳೆದು ತೆಗೆಯುವ ಸಾಧನವುಳ್ಳ ಪ್ಲಂಬರನನ್ನು ದಯಮಾಡಿ ಕಳುಹಿಸಿರಿ. ಅವನಿಗೂ ಬಾರದಿದ್ದರೆ ಟೈಲ್ಸ್ ಒಡೆದು ಮಿಕ್ಸರನ್ನೇ ಬದಲಿಸಬೇಕಾದೀತು. ಅದಕ್ಕೆ ತಮ್ಮ ಲಿಖಿತ ಅನುಮತಿ ಬೇಕು. ಅಲ್ಲಿಯವರೆಗೆ ಸ್ನಾನದ ಹೊತ್ತಿನ ಹೊರತು ವಾಲ್ವನ್ನು ಮುಚ್ಚಿಟ್ಟಿರುತ್ತೇವೆ.”